ನಾಲ್ಕು ಮನೆಯ ಅಚ್ಚು: ಅರಬ್ಬಿಯ ಮುರಿದ ಬಹುವಚನ ನನ್ನ ನಾಲಗೆಗೆ ಹತ್ತಿದ ಬಗೆ

ಅರಬ್ಬಿ ಕಲಿಯತೊಡಗಿದ ಮೂರನೆಯ ತಿಂಗಳಿನಲ್ಲಿ ನಮ್ಮ ಅಧ್ಯಾಪಕರು ಮೂರು ಅಂಕಣಗಳ ಅಭ್ಯಾಸದ ಹಾಳೆಯೊಂದನ್ನು ಕೊಟ್ಟರು. ಮೊದಲ ಅಂಕಣ ‘ಮುಫ್ರದ್’, ಅಂದರೆ ಏಕವಚನ. ಎರಡನೆಯದು ‘ಮುಥನ್ನಾ’, ಅಂದರೆ ದ್ವಿವಚನ. ಮೂರನೆಯದು ‘ಜಮ್ಅ’, ಅಂದರೆ ಬಹುವಚನ. ಮೊದಲ ಅಂಕಣದಲ್ಲಿ ನಲವತ್ತು ನಾಮಪದಗಳಿದ್ದವು, ಉಳಿದೆರಡು ಖಾಲಿ ಇದ್ದವು. ತಿದ್ದಿದ ಹಾಳೆ ಕೈಗೆ ಬಂದಾಗ ದ್ವಿವಚನದ ಅಂಕಣದಲ್ಲಿ ಎರಡೇ ತಪ್ಪುಗಳಿದ್ದವು, ಬಹುವಚನದ ಅಂಕಣದಲ್ಲಿ ಸರಿಯಾದದ್ದು ಹನ್ನೊಂದು ಮಾತ್ರ. ಆ ಹನ್ನೊಂದೂ ಪಾಠದಲ್ಲಿ ಮೊದಲೇ ಕೇಳಿದ್ದ ಪದಗಳಾಗಿದ್ದವು. ನಾನಾಗಿ ಯೋಚಿಸಿ ಬರೆದ ಒಂದೂ ಸರಿ ಇರಲಿಲ್ಲ.

ದ್ವಿವಚನ ಸುಲಭವಾಗಿ ಬಂದದ್ದು ಏಕೆಂದರೆ ಅದು ಕನ್ನಡದವರಿಗೆ ಪರಿಚಿತವಾದ ದಾರಿಯಲ್ಲೇ ನಡೆಯುತ್ತದೆ. ನಾವು ‘ಮನೆ’ ಎಂಬ ಪ್ರಕೃತಿಯನ್ನು ಮುಟ್ಟದೆ ‘ಗಳು’ ಸೇರಿಸುವಂತೆ, ಅರಬ್ಬಿಯವರು ‘ಕಲಮ್’ ಎಂಬ ಪದವನ್ನು ಮುಟ್ಟದೆ ‘ಆನಿ’ ಸೇರಿಸಿ ‘ಕಲಮಾನಿ’, ಅಂದರೆ ಎರಡು ಲೇಖನಿಗಳು, ಎನ್ನುತ್ತಾರೆ. ಕರ್ತೃಪದವಲ್ಲದ ಕಡೆ ಅದು ‘ಕಲಮೈನಿ’ ಆಗುತ್ತದೆ. ಬಹುವಚನದಲ್ಲಿ ಹಾಗಲ್ಲ. ‘ಕಲಮ್’ ಎಂಬುದು ‘ಅಕ್ಲಾಮ್’ ಆಗುತ್ತದೆ, ‘ಬೈತ್’ ಎಂಬ ಮನೆ ‘ಬುಯೂತ್’ ಆಗುತ್ತದೆ, ‘ಕಿತಾಬ್’ ‘ಕುತುಬ್’ ಆಗುತ್ತದೆ, ‘ರಜುಲ್’ ಎಂಬ ಗಂಡಸು ‘ರಿಜಾಲ್’ ಆಗುತ್ತಾನೆ. ವ್ಯಂಜನಗಳು ಇದ್ದಲ್ಲಿಯೇ ಇದ್ದು, ಅವುಗಳ ನಡುವಿನ ಸ್ವರಗಳು ಒಡೆದು ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. ಅರಬ್ಬಿ ವ್ಯಾಕರಣದಲ್ಲಿ ಇದರ ಹೆಸರೇ ‘ಜಮ್ಅ ಅತ್ತಕ್ಸೀರ್’, ಅಂದರೆ ಮುರಿಯುವಿಕೆಯ ಬಹುವಚನ.

ಮುಂದೆ ಹೋಗುವ ಮೊದಲು ಲಿಪಿಯ ಬಗ್ಗೆ ಒಂದು ಮಾತು. ಅರಬ್ಬಿಯ ಎರಡು ಬಗೆಯ ‘ಸ’, ಎರಡು ಬಗೆಯ ‘ತ’, ಎರಡು ಬಗೆಯ ‘ಕ’ಗಳನ್ನು ಕನ್ನಡ ಅಕ್ಷರಗಳಲ್ಲಿ ಬೇರ್ಪಡಿಸಿ ತೋರಿಸಲಾಗದು, ಹಮ್ಜ಼ಾ ಮತ್ತು ಐನ್ ಎಂಬ ಗಂಟಲಿನ ವ್ಯಂಜನಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಅವು ಬರುವ ಕಡೆ ನಾನು ‘ರಸಾಇಲ್’ ಎಂಬಂತೆ ಸ್ವರವನ್ನು ಬಿಡಿಯಾಗಿ ಬರೆದಿದ್ದೇನೆ. ಆ ಬಿಡಿ ಸ್ವರದ ಹಿಂದೆ ಒಂದು ಪೂರ್ಣ ವ್ಯಂಜನ ಅಡಗಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಈ ಲೇಖನದ ಲೆಕ್ಕವೆಲ್ಲ ನಿಂತಿರುವುದು ವ್ಯಂಜನಗಳ ಎಣಿಕೆಯ ಮೇಲೆ.

ಮೊದಲ ಸೋಲಿನ ಬಳಿಕ ನಾನು ಹೆಚ್ಚಿನವರು ಮಾಡುವುದನ್ನೇ ಮಾಡಿದೆ. ವ್ಯಾಕರಣದ ಪುಸ್ತಕಗಳಲ್ಲಿ ಬಹುವಚನದ ಅಚ್ಚುಗಳನ್ನು ಫ, ಅ, ಲ ಎಂಬ ಮೂರು ಮಾದರಿ ಅಕ್ಷರಗಳಿಂದ ಹೆಸರಿಸುತ್ತಾರೆ: ಅಫ್ಆಲ್, ಫುಊಲ್, ಫಿಆಲ್, ಫುಉಲ್, ಹೀಗೆ ಸಾಲು ಬೆಳೆಯುತ್ತದೆ. ಪ್ರತಿ ಅಚ್ಚಿಗೂ ಒಂದು ಪುಟ ಮೀಸಲಿಟ್ಟು, ಅದರ ಕೆಳಗೆ ಪದಗಳನ್ನು ಬರೆದು, ಬೆಳಿಗ್ಗೆ ಎದ್ದು ಗಟ್ಟಿಯಾಗಿ ಓದಿದೆ. ಎರಡು ವಾರಗಳಲ್ಲಿ ಅಚ್ಚುಗಳ ಹೆಸರುಗಳು ಬಾಯಿಗೆ ಬಂದವು, ಆದರೆ ಒಂದು ಏಕವಚನವನ್ನು ಎದುರಿಗಿಟ್ಟರೆ ಅದು ಯಾವ ಪುಟಕ್ಕೆ ಸೇರಿದ್ದೆಂದು ಹೇಳಲಾಗುತ್ತಿರಲಿಲ್ಲ. ‘ಕಲ್ಬ್’ ಎಂಬ ಪದವನ್ನೇ ನೋಡಿ. ಒಂದು ‘ಕ’ದಿಂದ ಬರೆದರೆ ಅದು ಹೃದಯ, ಬಹುವಚನ ‘ಕುಲೂಬ್’. ಇನ್ನೊಂದು ‘ಕ’ದಿಂದ ಬರೆದರೆ ಅದು ನಾಯಿ, ಬಹುವಚನ ‘ಕಿಲಾಬ್’. ಏಕವಚನಗಳ ಮೈಕಟ್ಟು ಒಂದೇ, ಬಹುವಚನಗಳ ಅಚ್ಚು ಬೇರೆ ಬೇರೆ. ಮೂರು ವ್ಯಂಜನಗಳ ಇಂತಹ ಪದಗಳಲ್ಲಿ ಏಕವಚನದ ರೂಪವು ಬಹುವಚನದ ರೂಪವನ್ನು ಖಚಿತವಾಗಿ ಸೂಚಿಸುವುದಿಲ್ಲ.

ಇದನ್ನು ಅಧ್ಯಾಪಕರ ಮುಂದೆ ಹೇಳಿಕೊಂಡಾಗ ಅವರು ನನ್ನ ನಲವತ್ತು ಪದಗಳ ಹಾಳೆಯನ್ನು ಎದುರಿಗೆ ಇಟ್ಟುಕೊಂಡು, “ನೀವು ಊಹಿಸಲಾಗದ ಪದಗಳನ್ನೂ ಊಹಿಸಬಲ್ಲ ಪದಗಳನ್ನೂ ಒಂದೇ ಗಂಟು ಕಟ್ಟಿದ್ದೀರಿ. ಮೊದಲು ಅದನ್ನು ಬಿಚ್ಚಿ. ಮೂರು ವ್ಯಂಜನದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾಲ್ಕು ಮನೆ ತುಂಬುವ ಪದಗಳನ್ನು ಮಾತ್ರ ಇನ್ನೊಂದು ಹಾಳೆಗೆ ಇಳಿಸಿಕೊಳ್ಳಿ” ಎಂದರು. ಅವರು ‘ಮನೆ’ ಎಂದದ್ದು ವ್ಯಂಜನ ಕೂರುವ ಸ್ಥಾನವನ್ನು. ಆ ಹೊಸ ಹಾಳೆಗೆ ಹದಿನೇಳು ಪದಗಳು ಬಂದವು. ನನ್ನ ಕಲಿಕೆ ತಿರುವು ಪಡೆದದ್ದು ಆ ಹದಿನೇಳು ಪದಗಳಿಂದ.

ಮೊದಲು ತೀರ ಸರಳವಾದವು. ‘ಕೌಕಬ್’, ಅಂದರೆ ಗ್ರಹ, ಇದರಲ್ಲಿ ಕ, ವ, ಕ, ಬ ಎಂಬ ನಾಲ್ಕು ವ್ಯಂಜನಗಳಿವೆ, ಬಹುವಚನ ‘ಕವಾಕಿಬ್’. ‘ಮಸ್ಜಿದ್’ ಎಂಬಲ್ಲಿ ಮ, ಸ, ಜ, ದ, ಬಹುವಚನ ‘ಮಸಾಜಿದ್’. ‘ದಫ್ತರ್’, ಅಂದರೆ ಬರೆಯುವ ಪುಸ್ತಕ, ‘ದಫಾತಿರ್’ ಆಗುತ್ತದೆ. ‘ಮದ್ರಸಾ’ ಎಂಬುದು ‘ಮದಾರಿಸ್’ ಆಗುತ್ತದೆ. ಕೊನೆಯ ಸ್ತ್ರೀಲಿಂಗದ ಗುರುತು ಎಣಿಕೆಗೆ ಬರುವುದಿಲ್ಲ, ಉದುರಿಹೋಗುತ್ತದೆ. ಏಕವಚನದಲ್ಲಿ ಸ್ವರಗಳು ಹೇಗೇ ಇರಲಿ, ಬಹುವಚನದಲ್ಲಿ ಮೊದಲ ಮನೆಯ ಬಳಿಕ ‘ಅ’, ಎರಡನೆಯದರ ಬಳಿಕ ‘ಆ’, ಮೂರನೆಯದರ ಬಳಿಕ ‘ಇ’. ‘ಫುಂದುಕ್’ ಎಂಬ ವಸತಿಗೃಹದಲ್ಲಿ ಎರಡು ಉಕಾರಗಳಿದ್ದರೂ ಬಹುವಚನ ‘ಫನಾದಿಕ್’ ಆಗುವುದನ್ನು ನೋಡಿದಾಗ, ಹಳೆಯ ಸ್ವರಗಳನ್ನು ಪೂರ್ತಿ ಒರೆಸಿಹಾಕಿ ಹೊಸದಾಗಿ ತುಂಬುವ ಈ ಕ್ರಮ ನನಗೆ ಮೊದಲ ಬಾರಿಗೆ ಕಣ್ಣಿಗೆ ಕಟ್ಟಿತು.

ನಂತರ ದೀರ್ಘಸ್ವರವಿರುವ ಪದಗಳು. ಇಲ್ಲಿ ನಾನು ಬಹಳ ದಿನ ಕಳೆದೆ, ಏಕೆಂದರೆ ಪುಸ್ತಕದಲ್ಲಿ ಇವುಗಳನ್ನು ಫವಾಇಲ್, ಫಆಇಲ್, ಮಫಾಈಲ್, ಫಆಲೀಲ್ ಎಂದು ಬೇರೆ ಬೇರೆ ಅಚ್ಚುಗಳಾಗಿ ಕೊಟ್ಟಿದ್ದರು ಮತ್ತು ನಾನು ಅವುಗಳನ್ನು ಬೇರೆ ಬೇರೆಯಾಗಿಯೇ ಕಂಠಪಾಠ ಮಾಡುತ್ತಿದ್ದೆ. ಇವೆಲ್ಲ ಒಂದೇ ಅಚ್ಚು; ದೀರ್ಘಸ್ವರವು ಏಕವಚನದಲ್ಲಿ ಎಲ್ಲಿ ಕುಳಿತಿದೆ ಎಂಬುದಷ್ಟೇ ವ್ಯತ್ಯಾಸ. ಅದು ಮೊದಲ ವ್ಯಂಜನದ ಬಳಿಕ ಇದ್ದರೆ, ‘ಶಾರಿಅ’ ಎಂಬ ಬೀದಿಯಲ್ಲಿರುವಂತೆ, ಎರಡನೆಯ ಮನೆ ಖಾಲಿ ಉಳಿಯುತ್ತದೆ ಮತ್ತು ಅಲ್ಲಿಗೆ ‘ವ’ ಬಂದು ಕೂರುತ್ತದೆ: ‘ಶವಾರಿಅ’. ಎರಡನೆಯ ವ್ಯಂಜನದ ಬಳಿಕ ಇದ್ದರೆ, ‘ರಿಸಾಲಾ’ ಎಂಬ ಪತ್ರದಲ್ಲಿರುವಂತೆ, ಮೂರನೆಯ ಮನೆ ಖಾಲಿ ಉಳಿಯುತ್ತದೆ ಮತ್ತು ಅಲ್ಲಿಗೆ ಹಮ್ಜ಼ಾ ಬಂದು ಕೂರುತ್ತದೆ: ‘ರಸಾಇಲ್’. ಮೂರನೆಯ ವ್ಯಂಜನದ ಬಳಿಕ ಇದ್ದರೆ, ‘ಮಿಫ್ತಾಹ್’ ಎಂಬ ಕೀಲಿಕೈಯಲ್ಲಿರುವಂತೆ, ನಾಲ್ಕು ಮನೆಗಳೂ ತುಂಬಿರುವುದರಿಂದ ಹೊಸ ವ್ಯಂಜನ ಬೇಕಾಗುವುದಿಲ್ಲ. ಕೊನೆಯ ‘ಇ’ ಮಾತ್ರ ದೀರ್ಘವಾಗಿ ‘ಮಫಾತೀಹ್’ ಎಂದಾಗುತ್ತದೆ. ಏಕವಚನದಲ್ಲಿ ಅಲ್ಲಿ ‘ಆ’ ಇತ್ತೋ, ‘ಊ’ ಇತ್ತೋ, ‘ಈ’ ಇತ್ತೋ ಎಂಬುದು ಮುಖ್ಯವಲ್ಲ. ‘ಉಸ್ಫೂರ್’ ಎಂಬ ಗುಬ್ಬಚ್ಚಿ ‘ಅಸಾಫೀರ್’ ಆಗುತ್ತದೆ, ‘ಸುಲ್ತಾನ್’ ‘ಸಲಾತೀನ್’ ಆಗುತ್ತದೆ.

ಇದನ್ನು ತಿಳಿದ ದಿನ ನಾನು ಮನಸ್ಸಿನಲ್ಲಿ ಹುಡುಕಿದ್ದು ಕನ್ನಡದೊಳಗೇ ಇರುವ ಅರಬ್ಬಿ ಮೂಲದ ಪದಗಳನ್ನು. ‘ಕಾಯಿದೆ’ ಎಂಬುದು ಅರಬ್ಬಿಯ ‘ಕಾಇದಾ’, ಅಂದರೆ ನಿಯಮ. ‘ಕಾನೂನು’ ಎಂಬುದು ಅರಬ್ಬಿಯ ‘ಕಾನೂನ್’. ಎರಡರಲ್ಲೂ ಮೊದಲ ವ್ಯಂಜನದ ಬಳಿಕ ದೀರ್ಘ ‘ಆ’ ಇರುವುದರಿಂದ ಎರಡಕ್ಕೂ ‘ವ’ ಬರಬೇಕು. ‘ಕಾಇದಾ’ದಲ್ಲಿ ಮುಂದೆ ಹ್ರಸ್ವ ‘ಇ’ ಇದೆ, ಆದ್ದರಿಂದ ‘ಕವಾಇದ್’. ‘ಕಾನೂನ್’ನಲ್ಲಿ ಮುಂದೆ ದೀರ್ಘ ‘ಊ’ ಇದೆ, ಆದ್ದರಿಂದ ‘ಕವಾನೀನ್’. ಶಬ್ದಕೋಶ ತೆಗೆದು ನೋಡಿದರೆ ಎರಡೂ ಸರಿಯಾಗಿದ್ದವು. ನಾನಾಗಿ ಲೆಕ್ಕ ಹಾಕಿ ಪಡೆದ ಮೊದಲ ಬಹುವಚನಗಳು ಅವು. ಇನ್ನೂ ಒಂದು ಸಂಗತಿ ಹೊಳೆಯಿತು: ಸೈನಿಕರ ಮತ್ತು ಪೊಲೀಸರ ಶಿಸ್ತಿನ ಅಭ್ಯಾಸಕ್ಕೆ ನಾವು ಹೇಳುವ ‘ಕವಾಯತು’ ಬೇರೇನೂ ಅಲ್ಲ, ಅದೇ ‘ಕವಾಇದ್’. ನಿಯಮ ಎಂಬ ಏಕವಚನ ‘ಕಾಯಿದೆ’ಯಾಗಿ, ನಿಯಮಗಳು ಎಂಬ ಮುರಿದ ಬಹುವಚನ ‘ಕವಾಯತು’ ಆಗಿ, ಎರಡೂ ಬೇರೆ ಬೇರೆ ಅರ್ಥ ಹೊತ್ತು ಕನ್ನಡಕ್ಕೆ ಬಂದು ನೆಲೆಸಿವೆ. ಅಂದಿನಿಂದ ಫವಾಇಲ್ ಎಂಬ ಅಚ್ಚು ನನಗೆ ಮರೆತಿಲ್ಲ.

ಹೀಗೆ ಕನ್ನಡದಿಂದಲೇ ಹೆಕ್ಕಿದ ಪದಗಳು ನನ್ನ ನೆನಪಿನ ಗೂಟಗಳಾದವು. ಕಂದೀಲು ಎಂಬುದು ಅರಬ್ಬಿಯಲ್ಲಿ ‘ಕಿಂದೀಲ್’, ಬಹುವಚನ ‘ಕನಾದೀಲ್’. ಸಂದೂಕ ಎಂಬುದು ‘ಸುಂದೂಕ್’, ಬಹುವಚನ ‘ಸನಾದೀಕ್’. ಸೈತಾನ ‘ಶೈತಾನ್’, ಬಹುವಚನ ‘ಶಯಾತೀನ್’. ದುಕಾನು ಎಂಬ ಅಂಗಡಿ ಅರಬ್ಬಿಯಲ್ಲಿ ‘ದುಕ್ಕಾನ್’. ಇಲ್ಲಿ ನಾನು ಎಡವಿದೆ. ದ, ಕ, ನ ಎಂದು ಮೂರೇ ಎಣಿಸಿ ಬೇರೆಯ ಗುಂಪಿಗೆ ಹಾಕಿದ್ದೆ. ಒತ್ತು ಬಂದ ವ್ಯಂಜನ ಎರಡು ಮನೆಗಳನ್ನು ತುಂಬುತ್ತದೆ ಎಂದು ತಿಳಿದ ಮೇಲೆ ದ, ಕ, ಕ, ನ ಎಂದು ನಾಲ್ಕಾಗಿ ‘ದಕಾಕೀನ್’ ತಾನಾಗಿ ಬಂತು. ಕನ್ನಡದಲ್ಲಿ ದ್ವಿತ್ವಾಕ್ಷರವನ್ನು ಬಿಡಿಸಿ ಬರೆಯುವ ಅಭ್ಯಾಸ ಶಾಲೆಯಲ್ಲೇ ಆಗಿದ್ದರೂ ಅರಬ್ಬಿಯಲ್ಲಿ ಒತ್ತನ್ನು ಅಕ್ಷರದ ಮೇಲಿನ ಪುಟ್ಟ ಗುರುತಿನಿಂದ ತೋರಿಸುವುದರಿಂದ, ಹಲವು ಮುದ್ರಣಗಳಲ್ಲಿ ಅದನ್ನೂ ಬಿಟ್ಟುಬಿಡುವುದರಿಂದ, ಕಣ್ಣು ಅದನ್ನು ದಾಟಿ ಹೋಗುತ್ತದೆ.

ಹ್ರಸ್ವ ‘ಇ’ಯ ಗುಂಪು ಯಾವುದು, ದೀರ್ಘ ‘ಈ’ಯ ಗುಂಪು ಯಾವುದು ಎಂಬುದು ಬರೆಯುವಾಗ ಹೊಳೆಯುತ್ತಿತ್ತು, ಮಾತನಾಡುವಾಗ ಜಾರುತ್ತಿತ್ತು. ಅದಕ್ಕೆ ನೆರವಾದದ್ದು ಛಂದಸ್ಸಿನ ಪಾಠ. ಗಣಗಳನ್ನು ನೆನಪಿಡಲು ನಾವು ಕಲಿತ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರದಲ್ಲಿ ಯಗಣ ‘ಯಮಾತಾ’, ಅಂದರೆ ಲಘು ಗುರು ಗುರು. ಜಗಣ ‘ಜಭಾನ’, ಅಂದರೆ ಲಘು ಗುರು ಲಘು. ಬಹುವಚನಗಳನ್ನು ಕರ್ತೃಪದದ ‘ಉ’ಕಾರದೊಡನೆ ಹೇಳಿದರೆ ‘ಕವಾನೀನು’, ‘ಸನಾದೀಕು’, ‘ಮಫಾತೀಹು’ ಎಂಬವುಗಳ ಮೊದಲ ಮೂರು ಅಕ್ಷರಗಳು ‘ಯಮಾತಾ’ದ ನಡೆಯವು, ‘ಮಸಾಜಿದು’, ‘ದಫಾತಿರು’, ‘ರಸಾಇಲು’ ಎಂಬವು ‘ಜಭಾನ’ದ ನಡೆಯವು. ಸೂತ್ರದ ಎರಡು ತುಂಡುಗಳಲ್ಲೂ ಮೊದಲು ‘ಅ’, ಆಮೇಲೆ ‘ಆ’ ಬರುವುದರಿಂದ ಸ್ವರಗಳೂ ಹೊಂದಿಕೊಂಡವು. ಆ ಮೇಲೆ ನಾನು ಪದಗಳನ್ನು ಅಚ್ಚಿನ ಹೆಸರಿನ ಕೆಳಗೆ ಬರೆಯುವುದನ್ನು ಬಿಟ್ಟು ಯಮಾತಾ, ಜಭಾನ ಎಂಬ ಎರಡು ತಲೆಬರಹಗಳ ಕೆಳಗೆ ಬರೆದೆ.

ಲೆಕ್ಕ ಕೈಗೆ ಹತ್ತಿದ ಉತ್ಸಾಹದಲ್ಲಿ ಅದನ್ನು ಹಾಕಬಾರದ ಕಡೆಯೂ ಹಾಕಿದೆ. ಮುಂದಿನ ಅಭ್ಯಾಸದಲ್ಲಿ ‘ಕಿತಾಬ್’ ಎಂಬುದಕ್ಕೆ ‘ಕತಾಇಬ್’ ಎಂದು ಬರೆದೆ. ಎರಡನೆಯ ವ್ಯಂಜನದ ಬಳಿಕ ದೀರ್ಘಸ್ವರವಿದೆ, ಮೂರನೆಯ ಮನೆಗೆ ಹಮ್ಜ಼ಾ ಬರಬೇಕು ಎಂಬುದು ನನ್ನ ತರ್ಕ. ಅಧ್ಯಾಪಕರು ಅದನ್ನು ಅಡ್ಡಗೆರೆ ಎಳೆದು ಹೊಡೆಯಲಿಲ್ಲ, ಪಕ್ಕದಲ್ಲಿ ‘ಕತೀಬಾ’ ಎಂದು ಬರೆದು, “ಇದರ ಬಹುವಚನವನ್ನು ನೀವು ಬರೆದಿದ್ದೀರಿ. ಇದರ ಅರ್ಥ ಸೈನ್ಯದ ತುಕಡಿ” ಎಂದರು. ‘ರಸಾಇಲ್’ ಬಗೆಯ ಬಹುವಚನ ಮುಖ್ಯವಾಗಿ ಸ್ತ್ರೀಲಿಂಗದ ಗುರುತಿರುವ ಪದಗಳಿಗೆ ಸಲ್ಲುತ್ತದೆ: ‘ಹಕೀಬಾ’ ಎಂಬ ಚೀಲ ‘ಹಕಾಇಬ್’, ‘ಜರೀದಾ’ ಎಂಬ ಪತ್ರಿಕೆ ‘ಜರಾಇದ್’, ‘ಹದೀಕಾ’ ಎಂಬ ತೋಟ ‘ಹದಾಇಕ್’. ಆ ಗುರುತಿಲ್ಲದ ‘ಕಿತಾಬ್’, ‘ತರೀಕ್’ ಎಂಬಂಥವು ‘ಕುತುಬ್’, ‘ತುರುಕ್’ ಎಂದು ಗಿಡ್ಡನೆಯ ಅಚ್ಚಿಗೆ ಹೋಗುತ್ತವೆ. ಗುರುತು ಇದ್ದೂ ಆ ದಾರಿ ಹಿಡಿಯುವ ಪದಗಳಿವೆ: ‘ಮದೀನಾ’ ಎಂಬ ನಗರದ ರೂಢಿಯ ಬಹುವಚನ ‘ಮುದುನ್’, ‘ಸಫೀನಾ’ ಎಂಬ ಹಡಗಿನದು ‘ಸುಫುನ್’. ಇವನ್ನು ಕಂಠಪಾಠ ಮಾಡಲೇಬೇಕು.

ಎರಡನೆಯ ತಪ್ಪು ‘ಮುಅಲ್ಲಿಮ್’ ಎಂಬ ಶಿಕ್ಷಕನದು. ‘ಮಆಲಿಮ್’ ಎಂದು ಬರೆದೆ. ಅದೂ ನಿಜವಾದ ಪದವೇ, ಆದರೆ ‘ಮಅಲಮ್’ ಎಂಬ ದಾರಿಗುರುತಿನ ಬಹುವಚನ. ಒತ್ತನ್ನು ಎರಡಾಗಿ ಎಣಿಸಿದ್ದರೆ ‘ಮುಅಲ್ಲಿಮ್’ ಐದು ಮನೆಯ ಪದ, ನಾಲ್ಕು ಮನೆಯ ಅಚ್ಚಿಗೆ ಹಿಡಿಸದು. ಅದಕ್ಕಿಂತ ಮುಖ್ಯವಾದ ಗುರುತೆಂದರೆ, ‘ಮು’ ಎಂದು ಆರಂಭವಾಗಿ ಒಂದು ಕೆಲಸ ಮಾಡುವ ವ್ಯಕ್ತಿಯನ್ನು ಸೂಚಿಸುವ ಪದಗಳು ಸಾಮಾನ್ಯವಾಗಿ ಮುರಿಯುವುದಿಲ್ಲ. ‘ಮುಅಲ್ಲಿಮೂನ’, ‘ಮುಹಂದಿಸೂನ’ ಎಂದು ಕೊನೆಗೆ ಪ್ರತ್ಯಯ ಪಡೆಯುತ್ತವೆ. ‘ಶಾರಿಅ’ದ ಮೈಕಟ್ಟಿನ ಪದವೂ ವ್ಯಕ್ತಿಯನ್ನು ಸೂಚಿಸಿದರೆ ‘ವ’ದ ದಾರಿಯನ್ನು ಬಹುಮಟ್ಟಿಗೆ ಬಿಡುತ್ತದೆ: ‘ತಾಲಿಬ್’ ಎಂಬ ವಿದ್ಯಾರ್ಥಿ ‘ತುಲ್ಲಾಬ್’, ‘ಕಾತಿಬ್’ ಎಂಬ ಬರಹಗಾರ ‘ಕುತ್ತಾಬ್’. ‘ಫಾರಿಸ್’ ಎಂಬ ಕುದುರೆ ಸವಾರ ‘ಫವಾರಿಸ್’ ಆಗುವುದು ಹೆಸರಾಂತ ಅಪವಾದ. ಹೀಗಾಗಿ ಮನೆಗಳನ್ನು ಎಣಿಸುವ ಮೊದಲು ಇದು ವ್ಯಕ್ತಿಯೋ ವಸ್ತುವೋ ಎಂದು ಕೇಳಿಕೊಳ್ಳುವುದು ನನ್ನ ಅಭ್ಯಾಸದ ಮೊದಲ ಹೆಜ್ಜೆಯಾಯಿತು.

ಮೂರನೆಯದನ್ನು ತಪ್ಪು ಎನ್ನುವುದಕ್ಕಿಂತ ಒಂದು ಪಾಠ ಎನ್ನುತ್ತೇನೆ. ‘ಮೀಜ಼ಾನ್’ ಎಂಬ ತಕ್ಕಡಿಗೆ ‘ಮಯಾಜ಼ೀನ್’ ಎಂದು ಬರೆದಿದ್ದೆ, ಸರಿಯಾದದ್ದು ‘ಮವಾಜ಼ೀನ್’. ಇದರ ಧಾತು ವ, ಜ಼, ನ. ‘ಮಿವ್‌ಜ಼ಾನ್’ ಎಂದಿರಬೇಕಾದದ್ದು ಉಚ್ಚಾರಣೆಯ ಅನುಕೂಲಕ್ಕಾಗಿ ‘ಮೀಜ಼ಾನ್’ ಆಗಿ, ‘ವ’ಕಾರ ದೀರ್ಘ ‘ಈ’ಯೊಳಗೆ ಅಡಗಿಕೊಂಡಿದೆ. ಬಹುವಚನದಲ್ಲಿ ಸ್ವರ ಬದಲಾದ ಕೂಡಲೇ ಅದು ಹೊರಬರುತ್ತದೆ. ಮೂರು ವ್ಯಂಜನದ ಪದಗಳಲ್ಲೂ ಹೀಗೆಯೇ: ‘ಬಾಬ್’ ಎಂಬ ಬಾಗಿಲು ‘ಅಬ್ವಾಬ್’, ‘ಹಾಲ್’ ಎಂಬ ಸ್ಥಿತಿ ‘ಅಹ್ವಾಲ್’. ಈ ಎರಡನೆಯದು ಕನ್ನಡದಲ್ಲಿ ‘ಅಹವಾಲು’ ಆಗಿ ಉಳಿದಿದೆ. ಆದರೆ ಒಂದು ಸೂಕ್ಷ್ಮವಿದೆ. ‘ಅಹ್ವಾಲ್’ನ ‘ವ’ ಧಾತುವಿನದೇ; ‘ಕವಾಇದ್’ನ ‘ವ’ ಖಾಲಿ ಮನೆ ತುಂಬಲು ಹೊರಗಿನಿಂದ ಬಂದದ್ದು. ಶಬ್ದಕೋಶದಲ್ಲಿ ಪದವನ್ನು ಧಾತುವಿನ ಕೆಳಗೆ ಹುಡುಕುವಾಗ ಈ ವ್ಯತ್ಯಾಸ ತಿಳಿಯದಿದ್ದರೆ ಪುಟಗಳನ್ನು ಮಗುಚುತ್ತಲೇ ಇರಬೇಕಾಗುತ್ತದೆ.

ಈಗ ದ್ವಿವಚನಕ್ಕೆ ಮರಳುತ್ತೇನೆ. ಸುಲಭವೆಂದು ಬದಿಗಿಟ್ಟಿದ್ದ ಆ ಅಂಕಣ, ಪಠ್ಯ ಓದಲು ಆರಂಭಿಸಿದ ಮೇಲೆ ನನ್ನನ್ನು ಹೆಚ್ಚು ಕಾಡಿತು. ಸ್ವರಚಿಹ್ನೆಗಳಿಲ್ಲದ ಬರಹದಲ್ಲಿ ‘ಬಲದಾನಿ’, ಅಂದರೆ ಎರಡು ದೇಶಗಳು, ಮತ್ತು ‘ಬುಲ್ದಾನ್’, ಅಂದರೆ ಹಲವು ದೇಶಗಳು, ಇವೆರಡಕ್ಕೂ ಅಕ್ಷರಗಳು ಒಂದೇ. ಮೊದಲನೆಯದು ದ್ವಿವಚನ, ಎರಡನೆಯದು ‘ಆನ್’ ಎಂದು ಮುಗಿಯುವ ಮುರಿದ ಬಹುವಚನ. ಒಂದು ವಾಕ್ಯದಲ್ಲಿ ಇಡೀ ಗುಂಪಿನ ದೇಶಗಳನ್ನು ಎರಡೇ ಎಂದು ಅನುವಾದಿಸಿ ತಿದ್ದಿಸಿಕೊಂಡ ಮೇಲೆ, ಪದವನ್ನಲ್ಲ, ಅದರ ಪಕ್ಕದ ವಿಶೇಷಣವನ್ನು ನೋಡಲು ಕಲಿತೆ. ದ್ವಿವಚನವಾದರೆ ವಿಶೇಷಣವೂ ದ್ವಿವಚನದಲ್ಲಿ ‘ಕಬೀರಾನಿ’ ಎಂದಿರುತ್ತದೆ. ವಸ್ತುಗಳ ಬಹುವಚನವಾದರೆ ವಿಶೇಷಣ ಸ್ತ್ರೀಲಿಂಗದ ಏಕವಚನದಲ್ಲಿ ‘ಕಬೀರಾ’ ಎಂದಿರುತ್ತದೆ. ‘ಫೀ’ ಎಂಬ ಅವ್ಯಯದ ಬಳಿಕ ಬಂದರೆ ಇನ್ನೂ ಸುಲಭ, ದ್ವಿವಚನ ‘ಬಲದೈನಿ’ ಎಂದು ಅಕ್ಷರವನ್ನೇ ಬದಲಿಸುತ್ತದೆ, ‘ಬುಲ್ದಾನ್’ ಬದಲಿಸುವುದಿಲ್ಲ. ಇದಕ್ಕೆ ಸಮನಾದ ಇನ್ನೊಂದು ತೊಡಕು ಮುರಿಯದ ಬಹುವಚನದಲ್ಲಿದೆ: ‘ಮುಅಲ್ಲಿಮೈನಿ’ ಎಂಬ ಇಬ್ಬರು ಶಿಕ್ಷಕರು, ‘ಮುಅಲ್ಲಿಮೀನ’ ಎಂಬ ಹಲವು ಶಿಕ್ಷಕರು, ಬರಹದಲ್ಲಿ ಒಂದೇ. ಅಲ್ಲೂ ವಾಕ್ಯದ ಉಳಿದ ಪದಗಳನ್ನೇ ಕೇಳಬೇಕು.

ಬರೆಯುವಾಗ ನಾನು ಮಾಡುತ್ತಿದ್ದ ತಪ್ಪು ಇದಕ್ಕೆ ವಿರುದ್ಧವಾದದ್ದು. ಬಹುವಚನಗಳನ್ನು ಹಗಲಿರುಳು ಉರುಹೊಡೆದ ಪರಿಣಾಮವಾಗಿ ದ್ವಿವಚನದ ಪ್ರತ್ಯಯವನ್ನು ಅವುಗಳ ಮೇಲೆಯೇ ಹಚ್ಚಿ ‘ಮಫಾತೀಹಾನಿ’ ಎಂದು ಬರೆದುಬಿಡುತ್ತಿದ್ದೆ. ದ್ವಿವಚನ ಹುಟ್ಟುವುದು ಏಕವಚನದಿಂದ ಮಾತ್ರ: ‘ಮಿಫ್ತಾಹಾನಿ’. ‘ಸುಲ್ತಾನ್’, ‘ದುಕ್ಕಾನ್’ ಎಂಬವು ಕೊನೆಯಲ್ಲಿ ‘ಆನ್’ ಇದ್ದರೂ ಏಕವಚನಗಳೇ. ಅವುಗಳ ದ್ವಿವಚನ ‘ಸುಲ್ತಾನಾನಿ’, ‘ದುಕ್ಕಾನಾನಿ’. ಸ್ತ್ರೀಲಿಂಗದ ಗುರುತು ಬಹುವಚನದಲ್ಲಿ ಉದುರಿದರೂ ದ್ವಿವಚನದಲ್ಲಿ ‘ತ’ ಆಗಿ ಎದ್ದು ನಿಲ್ಲುತ್ತದೆ: ‘ಮದ್ರಸತಾನಿ’, ‘ಕಾಇದತಾನಿ’. ಈ ಕಾರಣದಿಂದಲೇ ನಾನು ಮೂರು ಅಂಕಣಗಳನ್ನು ಅಡ್ಡಲಾಗಿ, ಒಂದೇ ಉಸಿರಿನಲ್ಲಿ ಓದಲು ಆರಂಭಿಸಿದೆ: ಕಾನೂನ್, ಕಾನೂನಾನಿ, ಕವಾನೀನ್, ಕಾಇದಾ, ಕಾಇದತಾನಿ, ಕವಾಇದ್. ನಡುವಿನ ದ್ವಿವಚನ ಏಕವಚನದ ಸ್ವರಗಳನ್ನೂ ಲಿಂಗವನ್ನೂ ಹಾಗೆಯೇ ಕಾಪಾಡಿಕೊಂಡು ಬರುತ್ತದೆ.

ಲಿಂಗವನ್ನು ಕಾಪಾಡುವುದು ಏಕೆ ಅಗತ್ಯ ಎಂಬುದು ಸಂಖ್ಯೆಗಳ ಅಭ್ಯಾಸದಲ್ಲಿ ತಿಳಿಯಿತು. ಎರಡಕ್ಕೆ ದ್ವಿವಚನ ಸಾಕು. ಮೂರರಿಂದ ಹತ್ತರವರೆಗೆ ಸಂಖ್ಯೆಯ ಬಳಿಕ ಬಹುವಚನ ಬರಬೇಕು, ಮತ್ತು ಸಂಖ್ಯೆಯ ರೂಪ ಆ ನಾಮಪದದ ಏಕವಚನದ ಲಿಂಗಕ್ಕೆ ತದ್ವಿರುದ್ಧವಾಗಿರಬೇಕು. ‘ಕವಾನೀನ್’, ‘ಕವಾಇದ್’ ಎಂಬೆರಡು ಬಹುವಚನಗಳನ್ನು ನೋಡಿದರೆ ಲಿಂಗದ ಯಾವ ಸುಳಿವೂ ಇಲ್ಲ. ‘ಕಾನೂನ್’ ಪುಲ್ಲಿಂಗ ಎಂದು ನೆನಪಿದ್ದರೆ ಮಾತ್ರ ಸ್ತ್ರೀಲಿಂಗದ ಗುರುತು ಹೊತ್ತ ಸಂಖ್ಯೆಯಿಂದ ‘ಥಲಾಥತು ಕವಾನೀನ’ ಎನ್ನಬಹುದು. ‘ಕಾಇದಾ’ ಸ್ತ್ರೀಲಿಂಗ ಎಂದು ನೆನಪಿದ್ದರೆ ಗುರುತಿಲ್ಲದ ಸಂಖ್ಯೆಯಿಂದ ‘ಥಲಾಥು ಕವಾಇದ’ ಎನ್ನಬಹುದು. ಇಲ್ಲಿ ಕೊನೆಯ ಸ್ವರವನ್ನೂ ಗಮನಿಸಬೇಕು. ಷಷ್ಠಿಯಲ್ಲಿ ಬೇರೆ ಪದಗಳಿಗೆ ‘ಇನ್’ ಬರುವ ಕಡೆ ಈ ಅಚ್ಚಿನ ಬಹುವಚನಗಳಿಗೆ ಬರಿಯ ‘ಅ’ ಬರುತ್ತದೆ: ‘ಥಲಾಥತು ಕುತುಬಿನ್’, ಆದರೆ ‘ಥಲಾಥತು ಕವಾನೀನ’. ‘ಅಲ್’ ಎಂಬ ನಿರ್ದೇಶಕ ಮುಂದೆ ಬಂದರೆ ಎಲ್ಲರಂತೆ ‘ಫಿಲ್ ಕವಾನೀನಿ’ ಎಂದು ‘ಇ’ ಪಡೆಯುತ್ತವೆ. ಯಮಾತಾ, ಜಭಾನ ಎಂಬ ನನ್ನ ಎರಡು ಪಟ್ಟಿಗಳಲ್ಲಿದ್ದ ಪದಗಳೆಲ್ಲವೂ ಈ ನಿಯಮಕ್ಕೆ ಒಳಪಟ್ಟಿದ್ದರಿಂದ ಪ್ರತ್ಯೇಕವಾಗಿ ಕಲಿಯುವ ಪ್ರಮೇಯ ಬರಲಿಲ್ಲ. ಹತ್ತನ್ನು ದಾಟಿದರೆ ಬಹುವಚನವೇ ಹೋಗಿ ‘ಅಹದ ಅಶರ ಕಾನೂನನ್’ ಎಂದು ಮತ್ತೆ ಏಕವಚನ ಬರುತ್ತದೆ. ಅದು ಬೇರೆ ಪಾಠ.

ಪಕ್ಕಕ್ಕಿಟ್ಟಿದ್ದ ಮೂರು ವ್ಯಂಜನದ ಪದಗಳನ್ನು ಈಗ ನಿಧಾನವಾಗಿ ಕಲಿಯುತ್ತಿದ್ದೇನೆ. ಅಲ್ಲಿ ನನಗೆ ಸಿಕ್ಕ ನಂಬಲರ್ಹವಾದ ಜಾಡು ಒಂದೇ: ಮೊದಲ ವ್ಯಂಜನಕ್ಕೆ ‘ಉ’ ಇದ್ದು ಸ್ತ್ರೀಲಿಂಗದ ಗುರುತಿನಿಂದ ಮುಗಿಯುವ ಗಿಡ್ಡ ಪದಗಳು, ‘ಘುರ್ಫಾ’ ಎಂಬ ಕೋಣೆ ‘ಘುರಫ್’, ‘ಜುಮ್ಲಾ’ ಎಂಬ ವಾಕ್ಯ ‘ಜುಮಲ್’ ಆಗುವಂತೆ, ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ, ‘ಇ’ ಇದ್ದರೆ ‘ಕಿಸ್ಸಾ’ ಎಂಬ ಕಥೆ ‘ಕಿಸಸ್’ ಆಗುತ್ತದೆ. ಉಳಿದವುಗಳನ್ನು ಏಕವಚನದ ಜೊತೆಗೇ ಕಲಿಯುವುದಲ್ಲದೆ ಬೇರೆ ಉಪಾಯವಿಲ್ಲ, ಮತ್ತು ಅದಕ್ಕಾಗಿಯೇ ಅರಬ್ಬಿಯ ಶಬ್ದಕೋಶಗಳು ಬಹುವಚನವನ್ನು ಏಕವಚನದ ಪಕ್ಕದಲ್ಲೇ ಕೊಡುತ್ತವೆ.

ಕಳೆದ ವಾರದ ತರಗತಿಯಲ್ಲಿ ಅಧ್ಯಾಪಕರು ನಾವು ಎಂದೂ ಕೇಳಿರದ ಎರಡು ಪದಗಳನ್ನು ಹಲಗೆಯ ಮೇಲೆ ಬರೆದರು. ಮೊದಲನೆಯದು ‘ಬುರ್ಕಾನ್’, ಜ್ವಾಲಾಮುಖಿ. ವಸ್ತು, ನಾಲ್ಕು ಮನೆ, ಮೂರನೆಯದರ ಬಳಿಕ ದೀರ್ಘ; ‘ಬುರ್ಕಾನಾನಿ’, ‘ಬರಾಕೀನ್’, ‘ಥಲಾಥತು ಬರಾಕೀನ’ ಎಂದು ತಡವರಿಸದೆ ಬರೆದೆ. ಎರಡನೆಯದು ‘ಅನ್ಕಬೂತ್’, ಜೇಡ. ಐನ್, ನ, ಕ, ಬ, ತ ಎಂದು ಐದು ವ್ಯಂಜನಗಳು, ಅಚ್ಚಿನಲ್ಲಿರುವುದು ನಾಲ್ಕೇ ಮನೆಗಳು. ದ್ವಿವಚನವನ್ನು ‘ಅನ್ಕಬೂತಾನಿ’ ಎಂದು ತುಂಬಿ, ಮೂರನೆಯ ಅಂಕಣದ ಮುಂದೆ ಪೆನ್ಸಿಲ್ ಹಿಡಿದು ಕುಳಿತೆ. ಕೊನೆಗೆ ಮೊದಲ ನಾಲ್ಕನ್ನು ಮನೆಗಳಲ್ಲಿ ಕೂರಿಸಿ, ಉಳಿದ ‘ತ’ವನ್ನು ಕೈಬಿಟ್ಟು, ಅದರೊಡನೆ ದೀರ್ಘ ‘ಊ’ವನ್ನೂ ಬಿಟ್ಟು, ‘ಅನಾಕಿಬ್’ ಎಂದು ಬರೆದೆ. ಅಧ್ಯಾಪಕರು ಹಾಳೆಯನ್ನು ನೋಡಿ ಅದರ ಪಕ್ಕಕ್ಕೆ ಸರಿ ಗುರುತು ಹಾಕಿದರು.